ಕಕ್ಕಿದ ಹಾಲಿನ ರಿಜಿಸ್ಟರು

ನನ್ನ ಮಗ ಹುಟ್ಟಿ ಐದು ವಾರ ತುಂಬೋ ಹೊತ್ತಿಗೆ ನಮ್ಮ ಮನೇಲಿ ಒಣಗಿದ ಬಟ್ಟೆ ಅಂತ ಒಂದೂ ಉಳಿದಿರಲಿಲ್ಲ. ಜೂಜುವಾಡೀಲಿ ಮಹಡಿ ಮೇಲಿನ ಬಾಡಿಗೆ ಮನೆ, ಕೆಳಗೆ ಹೆದ್ದಾರಿ. ಲಾರಿಗಳ ಧೂಳಿಗೆ ಬಾಲ್ಕನೀಲಿ ಬಟ್ಟೆ ಹಾಕೋ ಹಾಗಿಲ್ಲ. ಒಳಗೇ ಹಗ್ಗ ಕಟ್ಟಿ, ನನ್ನ ನೈಟಿ, ಅತ್ತೆ ಸೀರೆ, ಗಂಡನ ಕಂಪ್ನಿ ಯೂನಿಫಾರ್ಮು, ಮಗುವಿನ ಲಂಗೋಟಿ ಎಲ್ಲಾ ತೂಗುಹಾಕಿದ್ವಿ. ಅಡಿಗೆಮನೆಗೆ ಹೋಗಬೇಕಾದ್ರೆ ಬಗ್ಗಿಕೊಂಡೇ ಹೋಗಬೇಕು. ಮನೆಯಿಡೀ ಹುಳಿ ಹಾಲಿನ ವಾಸನೆ. ಕಾರಣ ಒಂದೇ. ಮಗ ಹಾಲು ಕಕ್ಕುತ್ತಿದ್ದ.

ಕುಡಿದ ಮೇಲೆ ಕಕ್ಕುತ್ತಿದ್ದ. ಕುಡಿದು ಅರ್ಧ ಗಂಟೆ ಆದಮೇಲೆ ಮೊಸರಿನ ಗಂಟಿನ ಹಾಗೆ ಒಡೆದದ್ದನ್ನ ಕಕ್ಕುತ್ತಿದ್ದ. ಯಾರಾದ್ರೂ ನೆಂಟರು ರೇಷ್ಮೆ ಸೀರೆ ಉಟ್ಟುಕೊಂಡು ಬಂದ್ರೆ ಅವರನ್ನ ಗುರುತು ಹಿಡಿದು ಕಕ್ಕುತ್ತಿದ್ದ. ಕಕ್ಕಿದ ಮೇಲೆ ಅಳು ಇಲ್ಲ, ಗೋಳು ಇಲ್ಲ, ಏನೋ ದೊಡ್ಡ ಕೆಲಸ ಮುಗಿಸಿದವನಂತೆ ಫ್ಯಾನ್ ನೋಡಿಕೊಂಡು ಮಲಗಿರ್ತಿದ್ದ. ಗಾಬರಿ ಎಲ್ಲಾ ನಮ್ಮದು.

ಚೊಚ್ಚಲ ಬಾಣಂತನಕ್ಕೆ ನಾನು ತವರಿಗೆ ಹೋಗಬೇಕಿತ್ತು. ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಅವರೇ ಮಲಗಿದ್ರು. ಹಾಗಾಗಿ ಅಂಚೆಟ್ಟಿ ಕಡೆಯ ಹಳ್ಳಿಯಿಂದ ಅತ್ತೆ ಇಳಿದು ಬಂದ್ರು. ಒಂದು ಚೀಲ ರಾಗಿ, ಒಂದು ಚೀಲ ಬೆಳ್ಳುಳ್ಳಿ, ಹರಳೆಣ್ಣೆ ಕ್ಯಾನು. ಬಸ್ಸಿಳಿದು ಮಗು ಮುಖ ನೋಡೋಕೆ ಮೊದಲೇ ಅವರು ಕೇಳಿದ್ದು, "ಹಾಲು ಐತಾ?" ಅಂತ.

ಅತ್ತೆ ಕೆಲಸದ ಹೆಂಗಸು, ಒಳ್ಳೆ ಮನಸ್ಸು, ಆದ್ರೆ ಒಂದು ಸಲ ಹೇಳಿದ್ದನ್ನ ಬ್ರಹ್ಮ ಬಂದ್ರೂ ಬದಲಾಯಿಸೋರಲ್ಲ. ಬಾಣಂತಿ ಎದ್ದು ಕೂತ್ರೆ ಸೊಂಟ ಹೋಗ್ತದೆ ಅಂದ್ರು. ಸರಿ, ನಾನು ಮಲಗಿಕೊಂಡೇ ಹಾಲು ಕುಡಿಸಬೇಕು. ಮಗು ಪಕ್ಕದಲ್ಲಿ ಅಂಗಾತ ಮಲಗಿ ಬರೀ ಕತ್ತು ಮಾತ್ರ ನನ್ನ ಕಡೆ ತಿರುಗಿಸಿಕೊಂಡು ಕುಡೀಬೇಕು. ನೀವೊಂದು ಸಲ ಹಾಗೆ ಕತ್ತು ತಿರುಗಿಸಿ ನೀರು ಕುಡಿದು ನೋಡಿ, ಗೊತ್ತಾಗ್ತದೆ. ಕುಡಿಸಿ ಮುಗಿದ ಕೂಡಲೇ ಅತ್ತೆ ಎತ್ಕೊಂಡು ಎಣ್ಣೆ ಹಚ್ಚೋಕೆ ಕೂರೋರು. ಹೊಟ್ಟೆ ತುಂಬಿದ್ರೆ ಸ್ನಾನದಲ್ಲಿ ಅಳಲ್ಲ ಅನ್ನೋದು ಅವರ ಲೆಕ್ಕ. ಕಾಲು ನೀಡಿ ಅದರ ಮೇಲೆ ಮಗು ಬೋರಲು ಹಾಕಿ ಬೆನ್ನು ಒತ್ತೋರು, ತಿರುಗಿಸಿ ಹೊಟ್ಟೆ ಒತ್ತೋರು. ಒತ್ತಿದ ಮೇಲೆ ಏನಾಗ್ತದೆ? ಬಾಯಿಂದ ಬಂತು.

"ನೋಡವ್ವ, ಎಲ್ಲಾ ಒಂಟೋಯ್ತು! ಹೊಟ್ಟೆ ಖಾಲಿ ಮಗೀಗೆ. ಕುಡ್ಸು, ಕುಡ್ಸು" ಅಂತ ತಿರುಗಿ ನನ್ನ ಪಕ್ಕ ತಂದು ಹಾಕೋರು.

ನಾನು ಕುಡಿಸ್ತಿದ್ದೆ. ತುಂಬಿದ ಹೊಟ್ಟೆಗೆ ಮತ್ತೆ ತುಂಬಿದ್ರೆ ಅವನು ತಾನೇ ಏನು ಮಾಡ್ತಾನೆ ಪಾಪ, ಮತ್ತೆ ಕಕ್ಕುತ್ತಿದ್ದ. ಖಾಲಿ ಆಯ್ತು ಅಂತ ಮತ್ತೆ ಕುಡಿಸೋದು. ಹೀಗೆ ಬೆಳಗಿಂದ ಸಂಜೆತನಕ.

ಇನ್ನು ಗಂಡ. ಅವರು ಹೊಸೂರಲ್ಲಿ ಗಾಡಿ ಬಿಡಿಭಾಗ ಮಾಡೋ ಒಂದು ಕಂಪ್ನೀಲಿ ಕ್ವಾಲಿಟಿ ಇನ್ಸ್‌ಪೆಕ್ಟರು. ಅಂದ್ರೆ ಒಂದು ಪೀಸು ಎತ್ಕೊಂಡು ಅಳೆದು, ಸರಿ ಇಲ್ಲ ಅಂತ ಪಕ್ಕಕ್ಕಿಟ್ಟು, ಯಾಕೆ ಸರಿ ಇಲ್ಲ ಅಂತ ಬರೆಯೋ ಕೆಲಸ. ಅದನ್ನ ಅವರು ಕಂಪ್ನೀಲಿ ಬಿಟ್ಟು ಬಂದಿದ್ರೆ ನನ್ನ ಸಂಸಾರ ಚೆನ್ನಾಗಿರ್ತಿತ್ತು. ಒಂದು ದಿನ ಫಸ್ಟ್ ಶಿಫ್ಟ್ ಮುಗಿಸಿ ಬಂದವರು ಉದ್ದನೆ ರಿಜಿಸ್ಟರ್ ತಂದು, ದಾರ ಕಟ್ಟಿ, ಮಗುವಿನ ಮಂಚದ ಪಕ್ಕದ ಮೊಳೆಗೆ ನೇತುಹಾಕಿದ್ರು.

"ಇದೇನ್ರೀ?" ಅಂದೆ.

"ಡೇಟಾ ಇಲ್ದೆ ಯಾವ ಪ್ರಾಬ್ಲಮ್ಮೂ ಸಾಲ್ವ್ ಆಗಲ್ಲ."

ತೆಗೆದು ನೋಡಿದೆ. ಸ್ಕೇಲಿಟ್ಟು ಗೆರೆ ಹೊಡೆದಿದ್ರು. ಹೊತ್ತು, ವ್ಯಾಸ, ಬಣ್ಣ, ಗಟ್ಟಿಯೋ ನೀರೋ, ಮತ್ತೆ ಕೊನೇಲಿ 'ಯಾರ ಮೇಲೆ'. ಅವತ್ತಿಂದ ಮಗು ಕಕ್ಕಿದ್ರೆ ಒರೆಸೋ ಹಾಗಿಲ್ಲ. "ಇರು, ಇರು, ಮುಟ್ಟಬೇಡ" ಅಂತ ಓಡಿ ಬಂದು ಸ್ಟೀಲ್ ಸ್ಕೇಲಿಟ್ಟು ಅಳೆಯೋರು. ನನ್ನ ಭುಜದ ಮೇಲೆ ಹಾಲು ಇಳೀತಾ ಇರೋವಾಗ ಈ ಮನುಷ್ಯ ಅಡ್ಡಕ್ಕೊಂದು ಅಳತೆ, ಉದ್ದಕ್ಕೊಂದು ಅಳತೆ. 'ಯಾರ ಮೇಲೆ' ಅನ್ನೋ ಕಾಲಮ್ಮಲ್ಲಿ ನಾನು, ಅತ್ತೆ, ನಾನು, ಅತ್ತೆ ಅಂತ ಇರೋದು. ಒಂದು ಕಡೆ 'ಗ್ಯಾಸ್ ತಂದವನು' ಅಂತಲೂ ಇತ್ತು. ಆ ಪುಣ್ಯಾತ್ಮ ಸಿಲಿಂಡರ್ ಇಟ್ಟು, "ಕೊಡಿ ಅಕ್ಕ, ಒಂದ್ಸಲ ಎತ್ಕೋತೀನಿ" ಅಂದಿದ್ದೇ ತಪ್ಪು.

ಅಳತೆಯಿಂದ ಅವರು ಒಂದು ಲೆಕ್ಕ ಮಾಡಿದ್ರು. ಅಂಗೈ ಅಗಲದ ಕಲೆ ಅಂದ್ರೆ ಅರ್ಧ ಲೋಟ ಹಾಲು. ಇದು ಎಲ್ಲಿಂದ ಬಂತು ಅಂತ ಕೇಳಿದ್ರೆ, "ನೋಡಿದ್ರೆ ಗೊತ್ತಾಗಲ್ವಾ" ಅಂದ್ರು. ಎಲ್ಲಾ ಕೂಡಿಸಿ ಒಂದು ಭಾನುವಾರ ಗಂಭೀರವಾಗಿ ಹೇಳಿದ್ರು, "ಒಳಗೆ ಹೋಗೋದಕ್ಕಿಂತ ಆಚೆ ಬರೋದೇ ಜಾಸ್ತಿ ಇದೆ."

"ಹಂಗಾದ್ರೆ ನಿಮ್ಮ ಮಗ ಹಾಲು ತಯಾರು ಮಾಡ್ತಿದ್ದಾನೆ. ಡೈರಿಗೆ ಹಾಕೋಣ" ಅಂದೆ.

ನಗಲಿಲ್ಲ. ಕ್ವಾಲಿಟಿಯೋರು ನಗಲ್ಲ.

ತೇಗಿನ ವಿಷಯಕ್ಕೆ ಬರ್ತೀನಿ. ಹೆರಿಗೆ ಆಸ್ಪತ್ರೆಯ ನರ್ಸು ಕುಡಿಸಿದ ಮೇಲೆ ಹೆಗಲಿಗೆ ಹಾಕ್ಕೊಂಡು ತೇಗು ತೆಗೀಬೇಕು ಅಂತ ಹೇಳಿ ಕಳಿಸಿದ್ರು. ಅದನ್ನ ಗಂಡ ತಮ್ಮ ಡ್ಯೂಟಿ ಅಂತ ತಗೊಂಡ್ರು. ಅವರು ತಟ್ಟೋದು ನೋಡಿದ್ರೆ, ಡಾಬಾ ಮುಂದೆ ಕ್ಲೀನರು ಲಾರಿ ಟೈರಿಗೆ ತಟ್ಟಿ ಗಾಳಿ ನೋಡ್ತಾನಲ್ಲ, ಹಾಗೇ. ತಟ್ಟೋದು, ಕಿವಿಯಿಟ್ಟು ಕೇಳೋದು. ಅತ್ತೆಗೆ ತೇಗಿನ ಮೇಲೆ ನಂಬಿಕೆಯೇ ಇಲ್ಲ. "ನಿಮ್ಮಪ್ಪ ಯಾರ್ ತೇಗ್ಸಿ ಬೆಳ್ದ? ಮಲಗ್ಸು ಸುಮ್ಕೆ" ಅನ್ನೋರು. ಹಾಗಾಗಿ ಮಗು ಹೆಗಲ ಮೇಲೆ ಎರಡು ನಿಮಿಷ ಇದ್ರೆ ಹೆಚ್ಚು.

ಒಂದು ಸಲ ಗಂಡ ಊಟ ಮುಗಿಸಿದವರೇ ಮಗು ಎತ್ಕೊಂಡು ತಟ್ಟುತ್ತಾ ಓಡಾಡ್ತಿದ್ರು. ಜೋರಾಗಿ ತೇಗು ಕೇಳಿಸ್ತು. ಅಡಿಗೆಮನೆಯಿಂದ ಅತ್ತೆ, "ಬಂತಲ್ಲ, ಮಲಗ್ಸು ಅತ್ಲಾಗೆ" ಅಂದ್ರು. ಇವರು ಮಲಗಿಸಿದ್ರು. ಮಲಗಿಸಿದ ಕೂಡಲೇ ಮಗು ಕಕ್ಕಿತು. ರಿಜಿಸ್ಟರಲ್ಲಿ ಬರೆದ್ರು: 'ತೇಗು ಬಂದ ನಂತರವೂ ಕಕ್ಕಿದೆ.' ನಾನು ಕೇಳಿದೆ, "ಆ ತೇಗು ಯಾರದು?" ಅಂತ. ಪೆನ್ನಿನ ಮುಚ್ಚಳ ಹಾಕ್ತಾ, "ನಂದು" ಅಂದ್ರು. ಆದ್ರೂ ಹೊಡೆದುಹಾಕಲಿಲ್ಲ. ರಿಜಿಸ್ಟರಲ್ಲಿ ಬರೆದದ್ದನ್ನ ಹೊಡೆದುಹಾಕೋ ಹಾಗಿಲ್ಲವಂತೆ.

ಆಮೇಲೆ ಮಂಚ. ತಲೆ ಕಡೆ ಎತ್ತರ ಇದ್ರೆ ಹಾಲು ಮೇಲಕ್ಕೆ ಬರಲ್ಲ ಅಂತ ಯಾರೋ ಕಂಪ್ನೀಲಿ ಹೇಳಿದ್ರಂತೆ. ಮಗುವಿನ ಮರದ ಮಂಚದ ತಲೆ ಕಡೆಯ ಎರಡು ಕಾಲಿಗೆ ಎರಡೆರಡು ಇಟ್ಟಿಗೆ ಕೊಟ್ರು. ನಾನು ಸ್ನಾನ ಮುಗಿಸಿ ಬಂದು ನೋಡಿದ್ರೆ, ತಲೆ ಇರಬೇಕಾದ ಕಡೆ ಮಗು ಇಲ್ಲ! ಕೊನೆಗೆ ಕಾಲ ತುದೀಲಿ, ಬಟ್ಟೆಯೆಲ್ಲಾ ತನ್ನ ಮೇಲೆ ಎಳ್ಕೊಂಡು ಗುಬ್ಬಚ್ಚಿ ಹಾಗೆ ಮುದುರಿ ಬಿದ್ದಿದ್ದ. ಜಾರಿಹೋಗಿದ್ದ. ನಾನು ಎತ್ಕೊಂಡು ಬೈತಾ ಇದ್ರೆ ಇವರು, "ಒಂದು ಬೆಲ್ಟ್ ಕೊಟ್ರೆ ಜಾರಲ್ಲ" ಅಂದ್ರು. "ಬೆಲ್ಟ್ ನಿಮ್ಮ ಬಾಯಿಗೆ ಕೊಡ್ತೀನಿ" ಅಂದೆ. ಅತ್ತೆ ಮೊದಲ ಸಲ ನನ್ನ ಪರ ವಹಿಸಿದ್ರು. ಇಟ್ಟಿಗೆ ಬಾಲ್ಕನಿಗೆ ಹೋಯ್ತು.

ಇಷ್ಟೆಲ್ಲಾ ಈಗ ನಗ್ತಾ ಹೇಳ್ತೀನಿ. ಆಗ ನಗು ಬರ್ತಿರಲಿಲ್ಲ. ಯಾಕಂದ್ರೆ ಅತ್ತೆ ಒಂದು ತೀರ್ಮಾನಕ್ಕೆ ಬಂದಿದ್ರು. ಹಾಲು ಸರಿ ಇಲ್ಲ. ನನ್ನ ಹಾಲು.

ಮೊದಲು ಪಥ್ಯ ಬಿಗಿ ಮಾಡಿದ್ರು. ಮೊಸರು ಬೇಡ, ಬೇಳೆ ಬೇಡ, ಹಣ್ಣು ಬೇಡ. ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ. ಮೂರು ಹೊತ್ತೂ ಅದೇ. ಆದ್ರೂ ಮಗ ಕಕ್ಕುವುದು ನಿಲ್ಲಿಸಲಿಲ್ಲ. ಆಮೇಲೆ ಅತ್ತೆ ಬಾಯಿಬಿಟ್ಟೇ ಹೇಳಿದ್ರು. "ನಿನ್ ಹಾಲು ಮಗೀಗೆ ಹಿಡಿಸ್ತಿಲ್ಲ ಕಣವ್ವ. ಕೆಲವ್ರ ಹಾಲು ಅಂಗೇ. ಕೆಟ್ಟಾಲು ಅಂತೀವಿ. ನಿನ್ ತಪ್ಪಲ್ಲ ಬುಡು."

ನಿನ್ನ ತಪ್ಪಲ್ಲ ಅಂದ್ರೆ ಏನರ್ಥ? ತಪ್ಪು ನಿನ್ನೊಳಗಿದೆ ಅಂತಲೇ. ಅವತ್ತು ಸಂಜೆ ನಾನು ರಿಜಿಸ್ಟರ್ ತೆಗೆದು ನೋಡಿದೆ. ಗಂಡ ಹೊಸ ಪುಟದಲ್ಲಿ, ಕಂಪ್ನೀಲಿ ಮಾಡೋ ಹಾಗೆ ಕಾರಣಗಳ ಪಟ್ಟಿ ಬರೆದಿದ್ರು. ಮೊದಲನೇದೇ, 'ರಾ ಮೆಟೀರಿಯಲ್?' ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ. ಮೈಯೆಲ್ಲಾ ಉರಿದುಹೋಯ್ತು ನನಗೆ. ಪ್ರಶ್ನೆ ಚಿಹ್ನೆ ಹಾಕಿದ್ದಕ್ಕೆ ಇನ್ನೂ ಉರೀತು.

"ನಾನೇನು ನಿಮ್ಮ ಸಪ್ಲೈಯರಾ?" ಅಂತ ಕೂಗಾಡಿದೆ. ಕೂಗಾಡಿ ಬಚ್ಚಲುಮನೆಗೆ ಹೋಗಿ ಅತ್ತುಬಿಟ್ಟೆ. ಒಂಬತ್ತು ತಿಂಗಳು ಹೊತ್ತು ಹೆತ್ತದ್ದು ಸರಿಯಾಗಿ ಆಯ್ತು, ಈ ಒಂದು ಕೆಲಸ ನನ್ನ ಕೈಲಿ ಆಗ್ತಿಲ್ಲವಲ್ಲ ಅಂತ. ನಿಜ ಹೇಳಬೇಕೂಂದ್ರೆ ಅಷ್ಟು ಹೊತ್ತಿಗೆ ನಾನೂ ನಂಬಿಬಿಟ್ಟಿದ್ದೆ. ಮಗು ಎದೆಗೆ ಬಾಯಿ ಹಾಕಿದ್ರೆ ನನಗೆ ಹೆದರಿಕೆ ಆಗ್ತಿತ್ತು. ನಾನು ಇವನಿಗೆ ಏನು ಕುಡಿಸ್ತಿದ್ದೀನೋ ಅಂತ.

ಮಾರನೇ ದಿನ ಮನೆಗೆ ಹಾಲಿನ ಪುಡಿ ಡಬ್ಬ ಬಂತು, ಜೊತೆಗೊಂದು ಬಾಟಲು. ಶುಕ್ರವಾರ ಒಳ್ಳೇ ದಿನ, ಅವತ್ತಿಂದ ಎದೆ ಹಾಲು ಬಿಡಿಸಿ ಬಾಟಲು ಶುರು ಮಾಡೋದು ಅಂತ ತಾಯಿ ಮಗ ಸೇರಿ ನಿಶ್ಚಯ ಮಾಡಿದ್ರು. ನಾನು ಡಬ್ಬ ಎತ್ಕೊಂಡು ನನ್ನ ದಿಂಬಿನ ಕೆಳಗೆ ಇಟ್ಕೊಂಡೆ.

"ಮಕ್ಕಳ ಡಾಕ್ಟ್ರಿಗೆ ತೋರಿಸಿದ ಮೇಲೇನೇ ಇದರ ಮುಚ್ಚಳ ತೆಗೆಯೋದು. ಅದಕ್ಕೆ ಮುಂಚೆ ಯಾರಾದ್ರೂ ತೆಗೆದ್ರೆ, ನಾನು ಮಗು ಎತ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ. ಅಲ್ಲಿ ಮಂಡಿ ನೋವಿದ್ರೂ ಪರವಾಗಿಲ್ಲ" ಅಂದೆ.

ಗಂಡನಿಗೆ ಅಡ್ಡಿ ಇರಲಿಲ್ಲ. ಡಾಕ್ಟ್ರಿಗೆ ತೋರಿಸೋಕೆ ಅವರತ್ರ ಇಷ್ಟು ಡೇಟಾ ಇತ್ತಲ್ಲ. ರಿಜಿಸ್ಟರಿಗೆ ಬೈಂಡ್ ಹಾಕಿಸೋಕೆ ಹೊರಟಿದ್ರು, ನಾನೇ ತಡೆದೆ.

ಗುರುವಾರ ಬೆಳಿಗ್ಗೆ ಮೂರೂ ಜನ ಮಗು ಎತ್ಕೊಂಡು ಹೊಸೂರಿಗೆ ಆಟೋದಲ್ಲಿ ಹೋದ್ವಿ. ಕ್ಲಿನಿಕ್ಕು ಚಿಕ್ಕದು, ಕಾಯೋಕೆ ಬೆಂಚು, ಗೋಡೆ ಮೇಲೆ ಆನೆ ಜಿರಾಫೆ ಚಿತ್ರ. ಡಾಕ್ಟರಮ್ಮ ತಮಿಳಿನವರು, ವಯಸ್ಸಾದವರು, ಮುಕ್ಕಾಲು ಪಾಲು ಕನ್ನಡ ಮಾತಾಡ್ತಾರೆ, ಕೋಪ ಬಂದ್ರೆ ತಮಿಳಿಗೆ ಹೋಗ್ತಾರೆ. ನಾವು ಒಳಗೆ ಕಾಲಿಟ್ಟ ಕೂಡಲೇ ಗಂಡ ರಿಜಿಸ್ಟರ್ ಮೇಜಿನ ಮೇಲೆ ಬಿಚ್ಚಿಟ್ರು.

ಡಾಕ್ಟರಮ್ಮ ಕನ್ನಡಕ ಮೂಗಿನ ತುದಿಗೆ ತಂದು ಓದಿದ್ರು. ಒಂದು ಪುಟ, ಎರಡು ಪುಟ. "ಇದು ಯಾರು, ಗ್ಯಾಸ್ ತಂದವನು?" ಅಂದ್ರು. ಆಮೇಲೆ ಪ್ರಶ್ನೆ ಶುರುವಾಯ್ತು.

"ಹಸಿರು ಬಣ್ಣಕ್ಕೆ ಕಕ್ಕಿದ್ದುಂಟಾ? ಎಲೆ ರಸದ ತರ?"

"ಇಲ್ಲ ಮೇಡಂ, ಎಲ್ಲಾ ಬಿಳಿ. ಎಂಟು ಸಲ ತಿಳಿ ಹಳದಿ ಬಿಳಿ" ಅಂದ್ರು ಗಂಡ.

"ರಕ್ತ? ಕಾಫಿ ಪುಡಿ ತರ ಕಂದು?"

"ಇಲ್ಲ."

"ಪಿಚಕಾರಿ ಹೊಡೆದ ಹಾಗೆ ದೂರಕ್ಕೆ ಹೋಗಿ ಬೀಳ್ತದಾ, ಕುಡಿದಾಗೆಲ್ಲಾ? ಇಲ್ಲ, ಕಟವಾಯಿಂದ ತಾನಾಗಿ ಇಳೀತದಾ?"

"ಇಳೀತದೆ" ಅಂದೆ ನಾನು. "ಕೆಲವು ಸಲ ಸ್ವಲ್ಪ ಚಿಮ್ಮಿ ನನ್ನ ಭುಜಕ್ಕೆ ಬೀಳ್ತದೆ, ಅಷ್ಟೇ."

"ಕುಡಿಯೋವಾಗ ಬೆನ್ನು ಬಿಲ್ಲು ಮಾಡ್ಕೊಂಡು ಅರಚ್ತಾನಾ? ಹಾಲೇ ಬೇಡ ಅಂತಾನಾ? ಕೆಮ್ಮು, ಉಸಿರು ಕಟ್ಟೋದು, ಗೊರಗೊರ?"

"ಬೇಡ ಅನ್ನೋನಾ ಇವ್ನು? ಸಿಕ್ಕಿದ್ರೆ ನನ್ ಮೂಗನ್ನೂ ಚೀಪ್ತಾನೆ" ಅಂದ್ರು ಅತ್ತೆ.

"ದಿನಕ್ಕೆ ಎಷ್ಟು ಸಲ ಉಚ್ಚೆ?"

ಎಲ್ಲರೂ ಗಂಡನ ಮುಖ ನೋಡಿದ್ವಿ. ಅವರು ರಿಜಿಸ್ಟರ್ ಹಿಂದೆ ಮುಂದೆ ತಿರುವಿದ್ರು. ಆ ಕಾಲಮ್ಮೇ ಇರಲಿಲ್ಲ! ಅಷ್ಟು ಗೆರೆ ಹೊಡೆದ ಮಹಾನುಭಾವನಿಗೆ ಅದು ಹೊಳೆದೇ ಇರಲಿಲ್ಲ. ಕೊನೆಗೆ ಲಂಗೋಟಿ ಒಗೆಯೋ ಅತ್ತೆಯೇ ಹೇಳಿದ್ರು, ಎಂಟೋ ಒಂಬತ್ತೋ ಆಗ್ತದೆ ಅಂತ. ಆರಕ್ಕೆ ಕಮ್ಮಿ ಆಗದಿದ್ರೆ ಒಳಗೆ ಬೇಕಾದಷ್ಟು ಹಾಲು ಹೋಗ್ತಿದೆ ಅಂತ ಅರ್ಥ, ಅಂದ್ರು ಡಾಕ್ಟರಮ್ಮ.

"ಸಾರ್, ಆಚೆ ಬಂದದ್ದೆಲ್ಲಾ ಬರೆದಿದ್ದೀರ. ಒಳಗೆ ಉಳಿದದ್ದು ಎಲ್ಲಿ?" ಅಂತ ಹೇಳಿ ಮಗು ಬಟ್ಟೆ ಬಿಚ್ಚಿ ತೂಕದ ಮಿಷನ್ ಮೇಲೆ ಮಲಗಿಸಿದ್ರು.

ಆ ತೂಕದ ಕೆಂಪು ಅಂಕಿ ಓಡಾಡೋದನ್ನೇ ನೋಡ್ತಾ ನಿಂತೆ. ಮಗು ಕೈಕಾಲು ಬಡೀತಿದ್ದ, ಅಂಕಿ ನಿಲ್ತಿರಲಿಲ್ಲ. ಆಮೇಲೆ ನಿಂತಿತು. ಮೂರು ಕೆಜಿ ಒಂಬೈನೂರ ಎಂಬತ್ತು. ಹುಟ್ಟಿದಾಗ ಎರಡು ಕೆಜಿ ಒಂಬೈನೂರು ಇದ್ದ.

"ಆರು ವಾರಕ್ಕೆ ಒಂದು ಕೆಜಿ ಮೇಲೆ ಏರಿದ್ದಾನೆ" ಅಂದ್ರು ಡಾಕ್ಟರಮ್ಮ. ಹೊಟ್ಟೆ ಒತ್ತಿ ನೋಡಿದ್ರು, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ್ರು, ನೆತ್ತಿ ಮುಟ್ಟಿದ್ರು. "ಯಾವ ಕಾಯಿಲೆಯೂ ಇಲ್ಲ. ಕಾಯಿಲೆ ಆಗಿರೋದು ನಿಮ್ಮ ಮನೆ ಬಟ್ಟೆಗೆ ಅಷ್ಟೇ."

"ಆದ್ರೆ ಮೇಡಂ, ಕ್ವಾಂಟಿಟಿ..." ಅಂತ ಗಂಡ ರಿಜಿಸ್ಟರ್ ಮೇಲೆ ಬೆರಳಿಟ್ರು.

ಡಾಕ್ಟರಮ್ಮ ಒಂದು ಸಿರಪ್ಪಿನ ಮುಚ್ಚಳ ತಗೊಂಡು, ಐದು ಎಮ್ಮೆಲ್ ಗೆರೆವರೆಗೆ ನೀರು ತುಂಬಿ, ಹೇಳದೆ ಕೇಳದೆ ಇವರ ಪ್ಯಾಂಟಿನ ಮೇಲೆ ಸುರಿದುಬಿಟ್ರು. ಕಂಪ್ನಿಯ ತಿಳಿ ಬೂದು ಪ್ಯಾಂಟು. ನೀರು ಹರಡಿತು. ಹರಡ್ತಾನೇ ಹೋಯ್ತು. ಅಂಗೈಯಷ್ಟು ಅಗಲ ಆಯ್ತು.

"ಇದು ಅರ್ಧ ಲೋಟವಾ?" ಅಂದ್ರು. "ಒಂದು ಟೀ ಚಮಚ."

ಗಂಡ ಆ ಕಲೆಯನ್ನೇ ನೋಡ್ತಾ ಕೂತುಬಿಟ್ರು. ಕೈ ತಾನಾಗಿ ಜೇಬಿನ ಸ್ಕೇಲಿಗೆ ಹೋಯ್ತು. ನಾನು ಗುರಾಯಿಸಿದೆ, ವಾಪಸ್ ಇಟ್ರು. ಕಲೆ ಬಿದ್ದ ಜಾಗ ಎಂಥದ್ದು ಅಂದ್ರೆ ಆಮೇಲೆ ಆಚೆ ಬಂದಾಗ ಬೆಂಚಿನ ಮೇಲಿದ್ದ ಹೆಂಗಸರೆಲ್ಲಾ ಇವರ ಕಡೆ ನೋಡಿ ಮುಖ ತಿರುಗಿಸ್ಕೊಂಡ್ರು. ರಿಜಿಸ್ಟರನ್ನ ಅಡ್ಡ ಹಿಡ್ಕೊಂಡು ನಡೆದ್ರು. ಅಂತೂ ಅದು ಒಂದು ಕೆಲಸಕ್ಕೆ ಬಂತು.

ಒಳಗೆ ಡಾಕ್ಟರಮ್ಮ ನನ್ನನ್ನ ಕುರ್ಚೀಲಿ ಕೂರಿಸಿ, "ಈಗ ಕುಡಿಸು, ನೋಡ್ತೀನಿ" ಅಂದ್ರು. ಗಂಡನನ್ನ ಪರದೆ ಆಚೆ ಕಳಿಸಿದ್ರು. ನಾನು ಮಗು ಎತ್ಕೊಂಡ ಕೂಡಲೇ "ಅಯ್ಯೋ, ಕತ್ತು ಯಾಕೆ ಹಾಗೆ ತಿರುಚ್ತೀಯಮ್ಮಾ?" ಅಂತ ಮಗುವಿನ ಇಡೀ ಮೈಯನ್ನ ನನ್ನ ಕಡೆ ತಿರುಗಿಸಿದ್ರು. ಅವನ ಹೊಟ್ಟೆ ನನ್ನ ಹೊಟ್ಟೆಗೆ. ಕಿವಿ, ಭುಜ, ಸೊಂಟ ಒಂದೇ ಗೆರೇಲಿ. ತಲೆ ಹೊಟ್ಟೆಗಿಂತ ಮೇಲೆ. ನನ್ನ ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ಹಿಂದಕ್ಕೆ ಒರಗಿಸಿದ್ರು. ಬಾಯಿ ದೊಡ್ಡದಾಗಿ ತೆರೆಯೋವರೆಗೂ ಕಾಯಿಸಿ, ಗಲ್ಲ ಎದೆಗೆ ತಾಗೋ ಹಾಗೆ ಹತ್ತಿರ ತಂದ್ರು. ಚಪ್ ಚಪ್ ಅಂತ ಗಾಳಿ ಎಳ್ಕೊಳ್ಳೋ ಸದ್ದು ನಿಂತುಹೋಯ್ತು. ಗುಟುಕು ಗುಟುಕು ಅಂತ ಕುಡಿದ. ಮಲಗಿಕೊಂಡು ಕುಡಿಸಬೇಕು ಅನ್ನಿಸಿದ್ರೆ ಕುಡಿಸು, ಆದ್ರೆ ಅವನನ್ನೂ ಪೂರ್ತಿ ನಿನ್ನ ಕಡೆ ಮಗ್ಗುಲಾಗಿಸು ಅಂದ್ರು.

ಒಂದು ಕಡೆ ಮುಗಿದ ಮೇಲೆ ತೇಗು. ಹೆಗಲಿಗೆ ಹಾಕ್ಕೊಂಡು ಬೆನ್ನನ್ನ ಮೆತ್ತಗೆ ಕೆಳಗಿಂದ ಮೇಲಕ್ಕೆ ಸವರಿದ್ರು. ಅದು ಬರದಿದ್ರೆ ಹೀಗೆ, ಅಂತ ತೊಡೆ ಮೇಲೆ ಕೂರಿಸಿ ಮುಂದಕ್ಕೆ ಸ್ವಲ್ಪ ಬಗ್ಗಿಸಿ, ದವಡೆಗೆ ಕೈ ಕೊಟ್ರು. "ಗಂಟಲಿಗೆ ಅಲ್ಲ, ದವಡೆಗೆ" ಅಂತ ಎರಡು ಸಲ ಹೇಳಿದ್ರು. ಬಂತು ನೋಡಿ ತೇಗು! ಅಷ್ಟು ಚಿಕ್ಕ ಮೈಯಿಂದ ಲಾರಿ ಹಾರ್ನ್ ಹೊಡೆದ ಹಾಗೆ. ಪರದೆ ಆಚೆಯಿಂದ ಗಂಡ, "ಅದು ನಂದಲ್ಲ" ಅಂದ್ರು. ತೇಗಿನ ಹಿಂದೇನೇ ಒಂದು ಚಮಚ ಹಾಲು ಡಾಕ್ಟರಮ್ಮನ ಬಿಳಿ ಕೋಟಿನ ಮೇಲೆ. ಅವರು ನೋಡಿ, "ಇಷ್ಟೇನಾ? ಇದಕ್ಕೇನಾ ರಿಜಿಸ್ಟರು?" ಅಂತ ನಕ್ಕು ಒರೆಸಿಕೊಂಡ್ರು.

ಆಮೇಲೆ ಅತ್ತೆ ಸರದಿ. ಡಾಕ್ಟರಮ್ಮ ಅವರನ್ನ ಬೈಯಲಿಲ್ಲ, ಹತ್ತಿರ ಕೂರಿಸ್ಕೊಂಡು ಹೇಳಿದ್ರು. ಎಣ್ಣೆ ನೀರು ಎಲ್ಲಾ ಕುಡಿಸೋಕೆ ಮುಂಚೆ, ಆಮೇಲಲ್ಲ. ಕುಡಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ನೆಟ್ಟಗೆ ಎತ್ಕೊಂಡಿರಬೇಕು, ಕುಲುಕಬಾರದು. ಕಕ್ಕಿದ ತಕ್ಷಣ ಮತ್ತೆ ತುಂಬಿಸೋದು ಬೇಡ. ಹೊಟ್ಟೆ ಮೇಲಿದ್ದ ಉಡಿದಾರವನ್ನ ತಾವೇ ಎರಡು ಬೆರಳು ಹೋಗೋಷ್ಟು ಸಡಿಲ ಮಾಡಿದ್ರು. ಮಲಗಿಸೋದು ಅಂಗಾತ, ಸಮತಟ್ಟಾಗಿ. ದಿಂಬು ಬೇಡ, ಬೋರಲು ಬೇಡ. ಇಟ್ಟಿಗೆ ವಿಷಯ ನಾನೇ ಹೇಳಿಬಿಟ್ಟೆ. ಆಗ ಡಾಕ್ಟರಮ್ಮ ಪೂರ್ತಿ ತಮಿಳಿಗೆ ಹೋದ್ರು. ಗಂಡನಿಗೆ ಒಂದೊಂದು ಪದವೂ ಅರ್ಥ ಆಯ್ತು.

"ಔಷಧಿ ಏನೂ ಬೇಡ. ಗ್ರೈಪ್ ವಾಟರ್, ಬಜೆ, ಜೇನುತುಪ್ಪ ಯಾವುದೂ ಬೇಡ. ಇನ್ನೂ ಎರಡು ಮೂರು ತಿಂಗಳು ಹೆಚ್ಚಾದ್ರೂ ಆಗಬಹುದು. ಕೂರೋಕೆ, ನಡೆಯೋಕೆ ಕಲಿತ ಹಾಗೆ ತಾನೇ ನಿಲ್ತದೆ" ಅಂದ್ರು. "ಆದ್ರೆ ಅಜ್ಜಿ, ಯಾವಾಗ ಓಡಿ ಬರಬೇಕು ಅಂತ ನೀವು ನೆನಪಿಟ್ಕೊಳ್ಳಿ. ಈ ಸಾರ್ ಬರ್ಕೊಳ್ಳೋದು ಬೇಡ."

ಅತ್ತೆಗೆ ಓದು ಬರಹ ಬರಲ್ಲ. ಆದ್ರೆ ಒಂದು ಸಲ ಕೇಳಿದ್ದನ್ನ ಮರೆಯಲ್ಲ. ಬೆರಳು ಮಡಚ್ತಾ ತಿರುಗಿ ಒಪ್ಪಿಸಿದ್ರು. "ಅಸ್ರುಗೆ ಕಕ್ಕಿದ್ರೆ ಆಗ್ಲೇ ಬರಬೇಕು, ನಾಳೆ ಅನ್ನಂಗಿಲ್ಲ. ರಕ್ತ ಬಂದ್ರೆ, ಕಾಫಿ ಪುಡಿ ಅಂಗೆ ಬಂದ್ರೂನೂ. ಪ್ರತಿ ಸಲ ಪಿಚಕಾರಿ ಅಂಗೆ ಒಡೆದು, ಕಕ್ಕುತ್ಲೂ ಮತ್ತೆ ಅಸಿವು ಅಂತ ಅತ್ರೆ. ಉಚ್ಚೆ ಕಮ್ಮಿ ಆದ್ರೆ. ಮೈ ಬಿಸಿ ಆದ್ರೆ. ಒಟ್ಟೆ ಉಬ್ಬಿ ಗಟ್ಟಿ ಆದ್ರೆ. ಆಲು ಬ್ಯಾಡ ಅಂದು ಮಂಕಾಗಿ ಬಿದ್ಕಂಡ್ರೆ. ಉಸ್ರು ಕಟ್ಟಿದ್ರೆ, ನೀಲಿ ಆದ್ರೆ. ತೂಕ ಏರ್ದೇ ಓದ್ರೆ."

"ನೀವು ನಮ್ಮ ಕ್ಲಿನಿಕ್ಕಿಗೆ ಕೆಲಸಕ್ಕೆ ಬನ್ನಿ" ಅಂದ್ರು ಡಾಕ್ಟರಮ್ಮ.

ನಾನು ಆಗ ಕೇಳಿದೆ. "ಮೇಡಂ, ನನ್ನ ಹಾಲು ಸರಿ ಇದೆಯಾ?"

ಅವರು ತೂಕದ ಚೀಟಿ ನನ್ನ ಕೈಗೆ ಕೊಟ್ರು. "ಈ ಒಂದು ಕೆಜಿ ಎಲ್ಲಿಂದ ಬಂತು ಅಂದ್ಕೊಂಡಿದ್ದೀಯ? ಗಾಳಿಯಿಂದಲಾ? ಕಕ್ಕೋ ಮಗುವಿಗೆ ಹಾಲು ಕೆಟ್ಟಿದೆ ಅಂತಲ್ಲಮ್ಮಾ, ಹೊಟ್ಟೆ ಬಾಗಿಲು ಇನ್ನೂ ಬಿಗಿ ಆಗಿಲ್ಲ ಅಂತ. ಮೊಸರು, ಬೇಳೆ, ಹಣ್ಣು ಎಲ್ಲಾ ತಿನ್ನು. ನಿನ್ನ ಹಾಲು ಚೆನ್ನಾಗಿದೆ."

ನಾನು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ, ನಾಚಿಕೆ ಬಿಟ್ಟು. ಗಂಡ ಪರದೆ ಸರಿಸಿ ಬಂದು, ಮೊದಲು ಡಾಕ್ಟರಮ್ಮನ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, ಪೆನ್ನು ತೆಗೆದ್ರು. 'ರಾ ಮೆಟೀರಿಯಲ್' ಅನ್ನೋದನ್ನ ಹೊಡೆದುಹಾಕಿದ್ರು. ಕಂಪ್ನೀಲಿ ಯಾರಿಗಾದ್ರೂ ಹೇಳಿದ್ರೆ ನಂಬಲ್ಲ.

ಆಚೆ ಬಂದು ಗಂಡ ಆಟೋ ಹಿಡಿಯೋಕೆ ಮೇನ್ ರೋಡಿಗೆ ಹೋದ್ರು. ನಾನು ಮಗುವನ್ನ ಹೆಗಲಿಗೆ ಹಾಕ್ಕೊಂಡು ಬೆಂಚಿನ ಮೇಲೆ ಕೂತೆ. ಅತ್ತೆ ಪಕ್ಕದಲ್ಲಿ. ಅವರು ಗೆದ್ದವಳ ಹಾಗೆ ಕಾಣಿಸ್ತಿದ್ದ ನನ್ನನ್ನ ನೋಡಿ ಏನಾದ್ರೂ ಕೊಂಕು ಮಾತಾಡ್ತಾರೆ ಅಂತ ನಾನು ಉತ್ತರ ಜೋಡಿಸ್ಕೊಳ್ತಾ ಇದ್ದೆ. ಅವರು ನೋಡಿದ್ರೆ ಸೆರಗಿನ ತುದೀನ ಬೆರಳಿಗೆ ಸುತ್ತಿ ಬಿಚ್ಚಿ ಮಾಡ್ತಾ ಕೂತಿದ್ರು.

ಆಮೇಲೆ ರಸ್ತೆ ಕಡೆ ನೋಡ್ತಾನೇ ಅಂದ್ರು, "ಇವ್ನೂ ಇಂಗೇ ಕಕ್ತಿದ್ದ ಕಣವ್ವ."

"ಯಾರು?"

"ನಿನ್ ಗಂಡ. ಎರಡು ತಿಂಗ್ಳು ಇವನ್ಗೆ. ನಮ್ಮತ್ತೆ ನಿಂದು ಕೆಟ್ಟಾಲು ಅಂತ ಏಳಿ ಬುಡಿಸ್ಬುಟ್ರು. ಎದೆಗೆ ಮಲ್ಲಿಗೆ ಊವ ಅರೆದು ಕಟ್ಟುದ್ರು, ಆಲು ಬತ್ತಲಿ ಅಂತ. ಮೇಕೆ ಆಲು ಕುಡಿಸುದ್ರು. ನಾನು ಎತ್ಕಂಡ್ರೆ ಇವ್ನು ಬಾಯಾಕಿ ಉಡುಕೋನು. ನಾನು ಕೊಡಂಗಿಲ್ವಲ್ಲ. ಎತ್ಕಳದೇ ಬುಟ್ಟೆ. ಇವ್ನ ಮುಟ್ಟಕ್ಕೇ ಎದರ್ಕೆ ನಂಗೆ. ನನ್ನಿಂದ ಮಗೀಗೆ ಏನಾಯ್ತದೋ ಅಂತ."

ನಾನು ಮಗುವನ್ನ ಇನ್ನೊಂದು ಹೆಗಲಿಗೆ ಬದಲಾಯಿಸಿ ಅವರ ಕಡೆ ಸರಿದು ಕೂತೆ.

"ಅಂಗಾದ್ರೆ ನನ್ ಆಲೂ ಸರಿಯಾಗೇ ಇತ್ತೇನವ್ವ?" ಅಂದ್ರು.

"ಸರಿಯಾಗೇ ಇತ್ತು ಅತ್ತೆ."

"ನಿಂಗೇನ್ ಗೊತ್ತು? ನೀನ್ ಡಾಕ್ಟ್ರಾ?" ಅಂತ ಎದ್ದೇಬಿಟ್ರು. ಚಪ್ಪಲಿ ಬಿಟ್ಟು, ಟೋಕನ್ ಹಿಡಿದು ನಿಂತಿದ್ದ ಹೆಂಗಸನ್ನ ಪಕ್ಕಕ್ಕೆ ಸರಿಸಿ, ಬಾಗಿಲು ತಳ್ಕೊಂಡು ಒಳಗೆ ಹೋದ್ರು. ಆ ಹೆಂಗಸು ತೆಲುಗಲ್ಲಿ ಜಗಳ ಶುರು ಮಾಡಿದ್ಲು. ಬಾಗಿಲು ಅರ್ಧ ತೆರೆದೇ ಇತ್ತು. ಅತ್ತೆ ಏನೋ ಕೇಳ್ತಿರೋದು ಕಾಣಿಸ್ತು, ಮಾತು ಕೇಳಿಸಲಿಲ್ಲ. ಡಾಕ್ಟರಮ್ಮ ಬರೆಯೋದು ನಿಲ್ಲಿಸಿ ಕುರ್ಚಿಯಿಂದ ಎದ್ದು ಅವರ ಎರಡೂ ಕೈ ಹಿಡ್ಕೊಂಡ್ರು.

ಹೊರಗೆ ಬಂದಾಗ ಅತ್ತೆ ಮುಖ ತೊಳೆದ ಹಾಗಿತ್ತು. ಆಟೋ ಬಂದು ನಿಂತಿತ್ತು. ಗಂಡ ಗಡಿಬಿಡಿ ಮಾಡ್ತಾ, "ಎಲ್ಲಿಗೆ ಹೋಗಿದ್ದೆ ಅಮ್ಮ? ಸೆಕೆಂಡ್ ಶಿಫ್ಟಿಗೆ ಹೋಗಬೇಕು ನಾನು, ಇನ್ನೂ ಈ ಪ್ಯಾಂಟು ಬದಲಾಯಿಸಬೇಕು, ಒಳಗೇನಿತ್ತು ಮತ್ತೆ ನಿಂಗೆ?" ಅಂತ ಒಂದೇ ಸಮನೆ ಕೇಳಿದ್ರು.

ಅತ್ತೆ ಆಟೋ ಹತ್ತಿ ಕೂತು, ಮೂವತ್ತೊಂದು ವರ್ಷದ ಮಗನ ಕೆನ್ನೆ ಮೇಲೆ ಕೈಯಿಟ್ರು. ಅವರು ಹಾಗೆ ಮುಟ್ಟಿದ್ದನ್ನ ನಾನು ಅದುವರೆಗೂ ನೋಡಿರಲಿಲ್ಲ.

"ಸುಮ್ನಿರ್ಲಾ" ಅಂದ್ರು. "ನೀನೂ ಬರೀ ಕಕ್ತಿದ್ದೆ, ಅಷ್ಟೇ ಕಣ್ಲಾ."